ಮೊಹೆಂಜೊದಾರೊದ ಚರಂಡಿ ಮತ್ತು ಅದರ ಹೂಳು

ಪ್ರಶ್ನೆ: ಮೊಹೆಂಜೊದಾರೊದಲ್ಲಿ ಒಳ್ಳೆಯ ಚರಂಡಿಗಳಿದ್ದವು ಎಂದು ಶಾಲೆಯಲ್ಲಿ ಓದಿದ್ದೆ. ಅವು ನಿಜಕ್ಕೂ ಹೇಗೆ ಕೆಲಸ ಮಾಡುತ್ತಿದ್ದವು? ಕಟ್ಟಿಕೊಳ್ಳುತ್ತಿರಲಿಲ್ಲವೇ?

ಖಂಡಿತ ಕಟ್ಟಿಕೊಳ್ಳುತ್ತಿದ್ದವು. ಕಟ್ಟಿದವರಿಗೂ ಅದು ಗೊತ್ತಿತ್ತು ಎಂಬುದಕ್ಕೆ ಚರಂಡಿಗಳಲ್ಲೇ ಸಾಕ್ಷಿಯಿದೆ.

ನೀರು ಹೊರಡುವ ಜಾಗದಿಂದಲೇ ನೋಡೋಣ. ಸಿಂಧ್ ಪ್ರಾಂತದ ಈ ನಗರ ಕ್ರಿ.ಪೂ. 2600ರಿಂದ 1900ರವರೆಗೆ ಬಾಳಿತು. ಅಲ್ಲಿನ ಬಹುಪಾಲು ಮನೆಗಳಲ್ಲಿ ಬೀದಿ ಕಡೆಯ ಗೋಡೆಗೆ ಒತ್ತಿದಂತೆ ಬಚ್ಚಲಿರುತ್ತಿತ್ತು. ಅಂಚು ಉಜ್ಜಿ ಸಂದಿಲ್ಲದಂತೆ ಜೋಡಿಸಿದ ಸುಟ್ಟ ಇಟ್ಟಿಗೆಯ ನೆಲ ಒಂದು ಮೂಲೆಗೆ ತುಸು ಇಳಿಜಾರಾಗಿದ್ದು, ನೀರು ಗೋಡೆಯ ತೂತಿನಿಂದ ಹೊರಬೀಳುತ್ತಿತ್ತು. ಮಹಡಿಯ ನೀರು ಗೋಡೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಇಳಿಯುತ್ತಿತ್ತು.

ಬೀದಿಯ ಚರಂಡಿ ನೆಲಮಟ್ಟದಿಂದ ಹೆಚ್ಚುಕಡಿಮೆ ಅರ್ಧ ಮೀಟರ್ ಆಳದ ಇಟ್ಟಿಗೆ ಕಾಲುವೆ. ಇಲ್ಲಿ ಗಮನಿಸಬೇಕಾದದ್ದು ಮುಚ್ಚಳ: ಕಾಲುವೆಯ ಮೇಲೆ ಇಟ್ಟಿಗೆಗಳನ್ನು, ಅಗಲವಿದ್ದಲ್ಲಿ ಕಲ್ಲಿನ ಚಪ್ಪಡಿಗಳನ್ನು, ಗಾರೆ ಹಾಕದೆ ಸುಮ್ಮನೆ ಹೊದಿಸುತ್ತಿದ್ದರು, ಬೇಕಾದಾಗ ಎತ್ತಲು ಬರಲಿ ಎಂಬುದಲ್ಲದೆ ಇದಕ್ಕೆ ಬೇರೆ ಕಾರಣ ನನಗೆ ತೋಚದು. ಚರಂಡಿಗಳು ಕೂಡುವ ಕಡೆ ಇಟ್ಟಿಗೆಯ ಗುಂಡಿಗಳಿದ್ದವು. ಗುಂಡಿಗೆ ಬಂದ ನೀರಿನ ವೇಗ ತಗ್ಗಿ ಮರಳು, ಕಸ ತಳಕ್ಕೆ ಕೂರುತ್ತಿತ್ತು, ಮೇಲಿನ ತಿಳಿನೀರು ಮುಂದೆ ಹರಿಯುತ್ತಿತ್ತು. ಇವತ್ತಿನ ಚೇಂಬರ್ ಮಾಡುವುದೂ ಇದನ್ನೇ. ಆದರೆ ಗುಂಡಿಯನ್ನು ಆಗಾಗ ಬಗೆದು ತೆಗೆಯದಿದ್ದರೆ ಅದು ತುಂಬಿ, ಹೂಳು ಕಾಲುವೆಗೇ ನುಗ್ಗುತ್ತದೆ. ಬಗೆಯುತ್ತಿದ್ದರು ಎಂಬುದೂ ಖಚಿತ: ಉತ್ಖನನದಲ್ಲಿ ಚರಂಡಿಗಳ ಪಕ್ಕ ಹಸಿರು ಮಿಶ್ರಿತ ಬೂದುಬಣ್ಣದ ಮರಳಿನ ಸಣ್ಣ ಗುಡ್ಡೆಗಳು ಸಿಕ್ಕಿವೆ. ಯಾರೋ ಹೂಳೆತ್ತಿ ಬದಿಗೆ ಸುರಿದು, ಸಾಗಿಸದೆ ಬಿಟ್ಟು ಹೋದದ್ದು. (ನಮ್ಮ ಬೀದಿಗಳಲ್ಲೂ ಈ ಗುಡ್ಡೆಗಳಿಗೆ ಬರವಿಲ್ಲ.)

ಎಲ್ಲ ಮನೆಗಳಿಗೂ ಈ ಅನುಕೂಲವಿರಲಿಲ್ಲ. ಚರಂಡಿಯಿಲ್ಲದ ಓಣಿಗಳಲ್ಲಿ ಗೋಡೆಯ ಬುಡಕ್ಕೆ ದೊಡ್ಡ ಮಡಕೆ ಹೂತಿಡುತ್ತಿದ್ದರು. ಕೆಲವದರ ತಳದಲ್ಲಿ ತೂತಿದ್ದು, ಕೊಳಕು ನೀರು ಅಲ್ಲೇ ನೆಲಕ್ಕೆ ಇಂಗುತ್ತಿತ್ತು. ಎಷ್ಟೋ ಮನೆಗಳಲ್ಲಿ ಬಾವಿಯಿದ್ದಂಥ ಊರಿನಲ್ಲಿ ಇದು ಅಪಾಯದ ಏರ್ಪಾಡೆಂದೇ ನನ್ನ ಅಭಿಪ್ರಾಯ.

ಹೂಳಿಗಿಂತ ದೊಡ್ಡ ತೊಡಕೆಂದರೆ ಬೀದಿಯೇ ಮೇಲೇರುತ್ತಿದ್ದುದು. ಬಿದ್ದ ಮನೆಗಳ ಮಣ್ಣು, ಕಸ ಸೇರಿ ನೆಲಮಟ್ಟ ಏರಿದಂತೆ ಚರಂಡಿಯ ಗೋಡೆಗೂ ಇಟ್ಟಿಗೆಯ ವರಸೆಗಳನ್ನು ಸೇರಿಸಿ ಎತ್ತರಿಸಬೇಕಾಗುತ್ತಿತ್ತು, ಮನೆಯ ತೂತುಗಳನ್ನೂ ಅದಕ್ಕೆ ಹೊಂದಿಸಬೇಕಾಗುತ್ತಿತ್ತು. ಒಂದು ಮನೆಯವರು ಮಾತ್ರ ಮಾಡಿ ಮುಗಿಸುವ ಕೆಲಸವಲ್ಲ ಇದು. ಇಡೀ ಬೀದಿಗೆ ಹೇಳುವವರು ಯಾರಾದರೂ ಬೇಕು. ಕೊನೆಯ ಕಾಲದ ಪದರಗಳಲ್ಲಿ ಅಂಥವರು ಇದ್ದಂತೆ ಕಾಣುವುದಿಲ್ಲ. ಅಲ್ಲಿನ ಚರಂಡಿಗಳು ಒರಟಾಗಿವೆ, ಮನೆಗಳು ಸಣ್ಣ ಕೋಣೆಗಳಾಗಿ ಒಡೆದಿವೆ, ವಸತಿಯ ನಡುವೆ ಕುಂಬಾರರ ಆವಿಗೆಗಳು ಬಂದಿವೆ. ಅವುಗಳಲ್ಲಿ ಒಂದು ಬೀದಿಯ ಮಧ್ಯದಲ್ಲೇ ಇತ್ತು.