ಸ್ಟಿಕ್ ಡ್ರಿಫ್ಟ್‌ಗೆ ಎಣ್ಣೆ ಮದ್ದಲ್ಲ

"ಗೇಮ್ ಕಂಟ್ರೋಲರ್‌ನ ಎಡಗಡೆ ಸ್ಟಿಕ್ ಮುಟ್ಟದಿದ್ದರೂ ಆಟದಲ್ಲಿ ಪಾತ್ರ ತಾನಾಗೇ ನಡೆಯುತ್ತೆ. ಮಳೆಗಾಲದ ತೇವಕ್ಕೆ ಹೀಗಾಗಿದೆ, ತುಕ್ಕು ಬಿಡಿಸುವ ಸ್ಪ್ರೇ ಹೊಡೀರಿ ಅಂದರು. ಹೊಡೆಯಲಾ?" — ತೀರ್ಥಹಳ್ಳಿ

ಖಂಡಿತ ಬೇಡ. ಪ್ರತಿ ಮಳೆಗಾಲ ಇದೇ ಪ್ರಶ್ನೆ, ಇದೇ ಹಾಳು ಸಲಹೆ. ಆ ಸ್ಪ್ರೇಯ ಎಣ್ಣೆ ಒಳಗೇ ಉಳಿದು ಧೂಳು ಹಿಡಿಯುತ್ತದೆ. ಎರಡು ದಿನ ಸರಿ ಅನ್ನಿಸಿ, ಆಮೇಲೆ ಇನ್ನೂ ಹದಗೆಡುತ್ತದೆ.

ಮಾಮೂಲಿ ಸ್ಟಿಕ್‌ನ ಬದಿಯಲ್ಲಿ, ಅದು ಎಷ್ಟು ವಾಲಿದೆ ಅಂತ ಅಳೆಯುವ ಎರಡು ಪೊಟೆನ್ಷಿಯೋಮೀಟರ್ ಇರುತ್ತವೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಪ್ರತಿಯೊಂದರಲ್ಲೂ ಕಾರ್ಬನ್ ಪಟ್ಟಿಯ ಮೇಲೆ ಪುಟ್ಟ ಲೋಹದ ಕಾಲು ಉಜ್ಜುತ್ತಾ ಓಡಾಡುತ್ತದೆ. ಆಡಿದಷ್ಟೂ ಪಟ್ಟಿ ಸವೆದು ಪುಡಿ ಉದುರುತ್ತದೆ. ಮಲೆನಾಡಿನ ತೇವ ಆ ಪುಡಿಯನ್ನು ಅಂಟಿಸಬಹುದು, ಆದರೆ ಮೂಲ ಕಾರಣ ಸವೆತ.

ಬಿಚ್ಚುವ ಮುಂಚೆ ಅಳೆದು ನೋಡಿ. ಕಂಪ್ಯೂಟರ್‌ಗೆ ಜೋಡಿಸಿ, ಗೇಮ್‌ಪ್ಯಾಡ್ ಪರೀಕ್ಷೆಯ ಪುಟ ತೆರೆಯಿರಿ. ಸ್ಟಿಕ್ ಬಿಟ್ಟಾಗ ಅಂಕಿ 0 ಹತ್ತಿರ ನಿಲ್ಲಬೇಕು. ಸಾಗರದಿಂದ ನನ್ನ ಹತ್ತಿರ ಬಂದ ಒಂದು ಕಂಟ್ರೋಲರ್‌ನಲ್ಲಿ ಅದು 0.03ರಿಂದ 0.14ಕ್ಕೆ ಕುಣಿಯುತ್ತಿತ್ತು. ಹೀಗೆ ಕುಣಿದರೆ ಕೊಳೆ ಅಥವಾ ಸವೆತ. ಕುಣಿಯದೆ, ಎಡಕ್ಕೆ ತಳ್ಳಿ ಬಿಟ್ಟಾಗ ಒಂದು ಕಡೆ, ಬಲಕ್ಕೆ ತಳ್ಳಿ ಬಿಟ್ಟಾಗ ಇನ್ನೊಂದು ಕಡೆ ನಿಂತರೆ ಸ್ಪ್ರಿಂಗ್ ಸೋತಿದೆ. ಅದಕ್ಕೆ ತೊಳೆಯುವುದು ದಂಡ.

ಆ ಕಂಟ್ರೋಲರ್‌ನ ಬ್ಯಾಟರಿ ಕಳಚಿ, ಪೊಟೆನ್ಷಿಯೋಮೀಟರ್ ಮುಚ್ಚಳ ಬಿಡಿಸಿದೆ. ಒಳಗೆ ಕಪ್ಪು ಪುಡಿ, ಪಟ್ಟಿಯ ನಡುವೆ ಹೊಳೆಯುವ ಗೆರೆ. 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿಸಿದೆ. ಅಂಕಿ 0.02ಕ್ಕೆ ಬಂತು. ಆದರೆ ಆ ಗೆರೆ ಕಂಡರೆ ಇದು ತಾತ್ಕಾಲಿಕ ಅಂತಲೇ ತಿಳಿಯಿರಿ. ಸವೆದ ಕಾರ್ಬನ್ ಒರೆಸಿದರೆ ವಾಪಸ್ ಬರಲ್ಲ. ಕೆಲವು ವಾರದಲ್ಲಿ ಡ್ರಿಫ್ಟ್ ಮರಳಿತು, ಕೊನೆಗೆ ಇಡೀ ಮಾಡ್ಯೂಲ್ ಬದಲಿಸಬೇಕಾಯಿತು. ಸಾಮಾನ್ಯವಾಗಿ ಅದಕ್ಕೆ 14 ಬೆಸುಗೆ ಇರುತ್ತದೆ. ಬೆಸುಗೆ ಕೈ ಪಳಗಿಲ್ಲದಿದ್ದರೆ ನೀವೇ ಕೈ ಹಾಕಬೇಡಿ, ಬೋರ್ಡಿನ ತಾಮ್ರ ಕಿತ್ತು ಬಂದರೆ ರಿಪೇರಿ ದೊಡ್ಡದಾಗುತ್ತದೆ.

ಡೆಡ್‌ಜೋನ್, ಅಂದರೆ ಸ್ಟಿಕ್ ಸರಿದರೂ ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ನಡುವಿನ ಜಾಗ, ಹೆಚ್ಚಿಸಿದರೆ ನಡಿಗೆ ನಿಲ್ಲುತ್ತದೆ ನಿಜ. ಆದರೆ ನಿಧಾನವಾಗಿ ಗುರಿ ಹಿಡಿಯುವಾಗ ಸ್ಟಿಕ್ ಮಂದ ಅನ್ನಿಸುತ್ತದೆ. ದೋಷ ಮರೆಯಾಗುತ್ತದೆ, ಹೋಗುವುದಿಲ್ಲ.

"ಆಯಸ್ಕಾಂತದ ಸ್ಟಿಕ್ ಹಾಕಿಸಿದರೆ ಡ್ರಿಫ್ಟ್ ಜನ್ಮದಲ್ಲೇ ಬರಲ್ವಾ?" — ಹೊಸನಗರ

ಹಾಲ್ ಎಫೆಕ್ಟ್ ಅಥವಾ ಟಿಎಂಆರ್ ಸ್ಟಿಕ್‌ನಲ್ಲಿ ಸೆನ್ಸರ್ ಆಯಸ್ಕಾಂತವನ್ನು ಮುಟ್ಟದೆ ಅಳೆಯುತ್ತದೆ, ಹಾಗಾಗಿ ಉಜ್ಜಿ ಸವೆಯುವ ತೊಂದರೆ ಇಲ್ಲ. ಸ್ಪ್ರಿಂಗ್ ಮಾತ್ರ ಅದರಲ್ಲೂ ಸೋಲಬಹುದು. ಹಾಕಿಸಿದ ಮೇಲೆ ಕ್ಯಾಲಿಬ್ರೇಷನ್ ಮಾಡಿಸದೆ ಅಂಗಡಿಯಿಂದ ಎದ್ದು ಬರಬೇಡಿ. ನಡು ಸರಿಯಾಗಿ ಕೂರದಿದ್ದರೆ ಹೊಸ ಸ್ಟಿಕ್ಕೂ ಸರಿಯುತ್ತದೆ.

"ಹಿಂಬದಿ ಪ್ಯಾಡಲ್ ಇದ್ದರೆ ಸ್ಟಿಕ್ ಹೆಚ್ಚು ದಿನ ಬಾಳುತ್ತಾ?" — ಶಿವಮೊಗ್ಗ

ಇಲ್ಲ. ಹೆಬ್ಬೆರಳು ಸ್ಟಿಕ್ ಬಿಡದೆಯೇ ಬಟನ್ ಒತ್ತಲು ಅದು ಇರುವುದು, ಅಷ್ಟೇ.