ತಾಳಮದ್ದಳೆ ರೆಕಾರ್ಡಿಂಗ್: 44.1 ಇಡೋದಾ, 48 ಇಡೋದಾ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ತಾಳಮದ್ದಳೆ ಇದೆ. ವಿಡಿಯೊ ಮಾಡಬೇಕು, ಪಾಡ್‌ಕಾಸ್ಟ್‌ಗೂ ಹಾಕಬೇಕು. ರೆಕಾರ್ಡರ್‌ನಲ್ಲಿ 44.1/16, 48/24, 96/24 ಅಂತ ತೋರಿಸ್ತಿದೆ. ಯಾವುದು ಇಡಲಿ?

ಉತ್ತರ: 48/24 ಇಡಿ. ವಿಡಿಯೊಗೆ 48 ಕಿಲೋಹರ್ಟ್ಸೇ ರೂಢಿ.

ಮೊದಲನೆಯದು ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆಯುತ್ತದೆ ಅನ್ನೋದು. ಅದರ ಅರ್ಧದಷ್ಟು ಫ್ರೀಕ್ವೆನ್ಸಿವರೆಗಿನ ಸದ್ದು ಸಿಗುತ್ತದೆ. ನಮ್ಮ ಕಿವಿಗೆ ಕೇಳೋದು ಹೆಚ್ಚೆಂದರೆ 20 ಕಿಲೋಹರ್ಟ್ಸ್. ಹಾಗಾಗಿ 96 ಇಟ್ಟರೆ ಸುಮ್ನೆ ಕಾರ್ಡ್ ಬೇಗ ತುಂಬುತ್ತದೆ.

ನಿಮಗೆ ಜಾಸ್ತಿ ಉಪಯೋಗ ಆಗೋದು ಎರಡನೆಯದು, ಬಿಟ್ ಡೆಪ್ತ್. ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನೋದು ಅದು. 16 ಬಿಟ್‌ನಲ್ಲಿ ಸಣ್ಣ ಸದ್ದಿಗೂ ದೊಡ್ಡ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಜಾಗ. 24ರಲ್ಲಿ ಲೆಕ್ಕಕ್ಕೆ 144. ಚೆಂಡೆ ಜೋರಾಗಿ ಬಾರಿಸಿಸಿ, ಮೀಟರ್ -12 ದಾಟದ ಹಾಗೆ ಗೇನ್ ಇಳಿಸಿ. ಆಮೇಲೆ ಅರ್ಥಧಾರಿಯ ಮೆಲುಮಾತನ್ನು ಎಡಿಟಿಂಗ್‌ನಲ್ಲಿ ಏರಿಸಿದರೂ ಬಿಟ್ ಕಡಿಮೆಯಾಗಿ ಬರುವ ಗೊರಗೊರ ಇರಲ್ಲ. ಮೈಕಿನದು, ಫ್ಯಾನಿನದು ಇದ್ದೇ ಇರುತ್ತದೆ ಬಿಡಿ. ಸದ್ದು 0 ಮುಟ್ಟಿ ಒಡೆದರೆ 24 ಬಿಟ್ ಕೂಡ ಉಳಿಸಲ್ಲ.

ಕ್ಯಾಮೆರಾ, ಎಡಿಟಿಂಗ್ ಪ್ರಾಜೆಕ್ಟ್ ಎರಡರಲ್ಲೂ 48 ಇದೆಯಾ ನೋಡಿ. 44.1ರ ಫೈಲನ್ನು 48 ಅಂತ ತಪ್ಪಾಗಿ ಓದಿದರೆ ಒಂದು ಗಂಟೆಯ ಪ್ರಸಂಗ 55 ನಿಮಿಷಕ್ಕೇ ಮುಗಿಯುತ್ತದೆ. ಭಾಗವತರ ಶ್ರುತಿಯೂ ಸುಮಾರು ಒಂದೂವರೆ ಮನೆ ಮೇಲೇರುತ್ತದೆ.

ಪಾಡ್‌ಕಾಸ್ಟ್‌ಗೆ ಇದೇ ಫೈಲಿನಿಂದ ಮೊನೊ ಎಂಪಿ3 ತೆಗೆಯಿರಿ. ಬರೀ ಹಾಡಿನ ಸಿಡಿ ಮಾಡೋದಾದರೆ 44.1/24ರಲ್ಲಿ ರೆಕಾರ್ಡ್ ಮಾಡಿ, ಕೊನೆಗೆ 16ಕ್ಕೆ ಇಳಿಸಿ.