ಮಾರ್ಕೆಟ್ ಆರ್ಡರ್ ಹಾಕಿದಾಗ ಬೆಲೆ ಯಾಕೆ ಜಾರುತ್ತದೆ?

"ಡಾಲರ್-ರೂಪಾಯಿ ಫ್ಯೂಚರ್ಸ್‌ನಲ್ಲಿ 84.50 ಕಂಡು 50 ಲಾಟ್ ಕೊಂಡೆ, 84.518 ಬಿತ್ತು. ಲಿಮಿಟ್ ಆರ್ಡರ್ ಹಾಕಬೇಕಿತ್ತಾ?"

ನಿಮಗೆ ಕಂಡ 84.50 ಆರ್ಡರ್ ಪಟ್ಟಿಯ ಮೊದಲ ಸಾಲಿನ ಮಾರಾಟಗಾರರ ಬೆಲೆ ಮಾತ್ರ. ಅಲ್ಲಿ 10 ಲಾಟ್ ಅಷ್ಟೇ ಇತ್ತು ಅಂದುಕೊಳ್ಳಿ. ಮಾರ್ಕೆಟ್ ಆರ್ಡರ್ ಬೆಲೆ ನೋಡುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ: 84.51ಕ್ಕೆ 15, ಉಳಿದ 25 ಲಾಟ್ 84.53ಕ್ಕೆ. ಸರಾಸರಿ 84.518. ಆ 1.8 ಪೈಸೆಯೇ ಸ್ಲಿಪ್ಪೇಜ್. ಒಂದು ಲಾಟ್ ಅಂದರೆ 1,000 ಡಾಲರ್, ಹಾಗಾಗಿ 900 ರೂಪಾಯಿ ಜಾಸ್ತಿ ಹೋಯಿತು.

ದೊಡ್ಡ ಸುದ್ದಿ ಬಂದ ಕ್ಷಣ ಮಾರುವವರು ಆರ್ಡರ್ ವಾಪಸ್ ತೆಗೆಯುತ್ತಾರೆ. ಸಾಲುಗಳು ಖಾಲಿಯಾಗಿ ಬೆಲೆ ಹಾರುತ್ತದೆ.

84.51ಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಲಿಮಿಟ್ ಹಾಕಿದ್ದರೆ 25 ಲಾಟ್ ಸಿಕ್ಕಿ, ಉಳಿದದ್ದು ಕಾಯುತ್ತಿತ್ತು. ಬೆಲೆ ಓಡಿಹೋದರೆ ಅದು ಸಿಗುವುದೇ ಇಲ್ಲ. ಕೊಳ್ಳುವಾಗ ಪರವಾಗಿಲ್ಲ, ನಷ್ಟದಿಂದ ಹೊರಬರುವಾಗ ಅದೇ ತಾಪತ್ರಯ. ಆಗ ಮಾತ್ರ ನಾನು ಮಾರ್ಕೆಟ್ ಆರ್ಡರ್ ಒತ್ತುತ್ತೇನೆ.